ಪಟ್ಟಿಯಲ್ಲಿ ಉಳಿದದ್ದು

ಭಾನುವಾರದ ಡ್ಯೂಟಿಯನ್ನು ಯಾವಾಗಲೂ ನನ್ನ ತಲೆಗೇ ಕಟ್ಟುತ್ತಾರೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿರುವ ಎಕ್ಸ್‌ರೇ ಕೋಣೆಯತ್ತ ನೆಟ್‌ವರ್ಕ್ ಸುಳಿಯುವುದೂ ಇಲ್ಲ. ಅದಕ್ಕೇ ವಾರವಿಡೀ ಕಣ್ಣಿಗೆ ಬಿದ್ದ ಲೇಖನಗಳನ್ನೆಲ್ಲ 'ಆಮೇಲೆ ಓದು' ಆಪ್‌ಗೆ ತುಂಬಿಸುತ್ತೇನೆ. ಮನೆಯ ವೈಫೈ ಸಿಕ್ಕಾಗ ಅವು ಫೋನಿಗೆ ಇಳಿಯುತ್ತವೆ. ಭಾನುವಾರ ಬಂದರೆ ಎರಡು ಪ್ಯಾರಾಕ್ಕೇ ಕಣ್ಣು ಎಳೆಯುತ್ತದೆ. ಹೀಗೆ ಗುಡ್ಡೆ ಬಿದ್ದದ್ದು ಮುನ್ನೂರ ಹನ್ನೆರಡು.

ಇವತ್ತು ತೆರೆದರೆ ಪಟ್ಟಿಯಲ್ಲಿ ಒಂದೇ ಒಂದು! ಮೈಯೆಲ್ಲ ಉರಿದುಹೋಯಿತು. ನನ್ನ ಹಳೆಯ ಟ್ಯಾಬ್ ಅಮ್ಮನ ಹತ್ತಿರ ಇದೆ. ಅದರಲ್ಲಿರುವುದೂ ನನ್ನದೇ ಖಾತೆ. ಕೋಣೆಯ ಲ್ಯಾಂಡ್‌ಲೈನಿನಿಂದ ಮನೆಗೆ ಫೋನ್ ಮಾಡಿದೆ.

"ಅಮ್ಮಾ, ನನ್ನ ಲೇಖನಗಳನ್ನ ಏನ್ ಮಾಡ್ದೆ?"

"ಓದ್ದೆ ಕಣೇ. ತಿಂಗಳುಗಟ್ಟಲೆಯಿಂದ ಓದ್ತಾನೇ ಇದ್ದೆ. ನೀನಂತೂ ಮುಟ್ಟಲ್ಲ. ನಿನ್ನೆ ಎಲ್ಲಾನೂ ಆರ್ಕೈವ್‌ಗೆ ಹಾಕಿ ಚೊಕ್ಕ ಮಾಡ್ದೆ."

ಆರ್ಕೈವ್‌ಗೆ ಹೋದರೆ ಫೋನಿನಲ್ಲಿಳಿದ ಪ್ರತಿಯೂ ಹೋಗುತ್ತದೆ. ಮತ್ತೆ ತರಿಸಿಕೊಳ್ಳಲು ನೆಟ್‌ವರ್ಕ್ ಬೇಕು. ಇದನ್ನೆಲ್ಲ ವಿವರಿಸುವಷ್ಟು ತ್ರಾಣವೂ ನನ್ನಲ್ಲಿರಲಿಲ್ಲ.

"ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?" ಎಂದು ರೇಗಿದೆ.

"ಒಂದು ಬಿಟ್ಟಿದ್ದೀನಲ್ಲ. ನೀನು ಅದನ್ನ ಎತ್ತಿಟ್ಟು ಏಳು ತಿಂಗಳಾಯ್ತು. ಇವತ್ತಾದ್ರೂ ಓದು, ಪುಟ್ಟಿ."

ಫೋನಿಟ್ಟು ಪಟ್ಟಿ ನೋಡಿದೆ. 'ಮರೆವಿನ ಕಾಯಿಲೆ ಶುರುವಾದ ತಾಯಿಯೊಡನೆ ಮಾತಾಡುವುದು ಹೇಗೆ?'

ಕೆಳಗೆ ಸಣ್ಣ ಅಕ್ಷರದಲ್ಲಿ, ಓದಲು ಬೇಕಾದ ಸಮಯ ಆರು ನಿಮಿಷ ಎಂದಿತ್ತು.