ನಾಲ್ಕನೆಯ ಪ್ರಶ್ನೆಗೊಂದು ಪತ್ರ

ತರಗತಿಯವರೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದರು. ಹದಿನೆಂಟು ವರ್ಷ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಕೆಲಸ ಮಾಡಿ, ನಲವತ್ತು ದಾಟಿದ ಮೇಲೆ ಸಂಜೆ ಕಾಲೇಜು ಸೇರಿ ಪ್ರೋಗ್ರಾಮ್ ಬರೆಯಲು ಕಲಿಯುತ್ತಿದ್ದವಳು. ಹೋದ ವರ್ಷ ಈ ವಿಷಯದಲ್ಲಿ ಒಮ್ಮೆ ಡುಮ್ಕಿ ಹೊಡೆದಿದ್ದಳು. ಇನ್ನೊಮ್ಮೆ ಹೊಡೆದರೆ ಸೀಟೇ ಹೋಗುತ್ತಿತ್ತು.

ಪರೀಕ್ಷೆ ಮನೆಯಲ್ಲೇ ಬರೆಯುವಂಥದ್ದು. ಶುಕ್ರವಾರ ಪ್ರಶ್ನೆ, ಸೋಮವಾರ ಸಂಜೆ ಐದರೊಳಗೆ ಉತ್ತರ. ನಾಲ್ಕನೆಯ ಪ್ರಶ್ನೆಗೆ ಮೂವತ್ತು ಅಂಕ: ಕಡತದಲ್ಲಿರುವ ಸಮೀಕರಣಗಳನ್ನು ಬಿಡಿಸುವ ಪೈಥಾನ್ ಪ್ರೋಗ್ರಾಮ್ ಬರೆಯಿರಿ. ಕೆಳಗೆ ಒಂದು ಸಾಲು: 'ಸ್ಟ್ಯಾಂಡರ್ಡ್ ಲೈಬ್ರರಿಗಳನ್ನು ಮಾತ್ರ ಬಳಸಬಹುದು.'

ಲೈಬ್ರರಿ ಎಂದರೆ ಬೇರೆಯವರು ಮೊದಲೇ ಬರೆದಿಟ್ಟ ಪ್ರೋಗ್ರಾಮುಗಳ ಗಂಟು. ಬೇಕಾದ್ದನ್ನು ತೆಗೆದು ಬಳಸಿಕೊಳ್ಳಬಹುದು. ನಮ್‌ಪೈ ಎಂಬ ಲೈಬ್ರರಿ ಇದ್ದರೆ ಈ ಲೆಕ್ಕ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಇಲ್ಲದಿದ್ದರೆ ನಲವತ್ತು ಸಾಲು ಕೈಯಾರೆ ಬರೆಯಬೇಕು. ನಮ್‌ಪೈ ಪೈಥಾನ್ ಜೊತೆಗೆ ಬರುವುದಿಲ್ಲ, ಬೇರೆಯಾಗಿ ಹಾಕಿಕೊಳ್ಳಬೇಕು. ಆದರೆ ಕಾಲೇಜಿನ ಲ್ಯಾಬಿನ ಎಲ್ಲ ಯಂತ್ರಗಳಲ್ಲೂ ಅದನ್ನು ಹಾಕಿಟ್ಟಿದ್ದರು. ಲ್ಯಾಬ್ ನೋಡಿಕೊಳ್ಳುವಾತ ಮೊದಲ ದಿನವೇ "ಇದು ನಮ್ಮ ಸ್ಟ್ಯಾಂಡರ್ಡ್ ಸೆಟ್" ಎಂದು ಪರಿಚಯ ಮಾಡಿಸಿದ್ದ.

ಶನಿವಾರ ಬೆಳಿಗ್ಗೆ ಲ್ಯಾಬಿನಲ್ಲಿ ಅವಳು ನಮ್‌ಪೈ ಬಳಸಬಹುದೇ ಎಂಬ ಅನುಮಾನವನ್ನು ಎತ್ತಿದಾಗ, ಪಕ್ಕದಲ್ಲಿ ಕೂತ ಹುಡುಗ ನಕ್ಕ. ಎಲ್ಲದಕ್ಕೂ ಅಡ್ಡದಾರಿ ಹುಡುಕುವ ಅವನಿಗೆ ಶಾರ್ಟ್‌ಕಟ್ ಎಂದೇ ಹೆಸರು.

"ಸುಮ್ನಿರಲಾರ್ದೆ ಇರುವೆ ಬಿಟ್ಕೋಬೇಡ ಅಕ್ಕ. ಕೇಳಿದ್ರೆ ಮೇಷ್ಟ್ರು ಬೇಡ ಅಂತಾರೆ. ಕೇಳ್ದೇ ಇದ್ರೆ 'ಗೊತ್ತಿರ್ಲಿಲ್ಲ ಸಾರ್' ಅನ್ಬಹುದು. ನಾನು ನಿನ್ನೇನೇ ನಮ್‌ಪೈ ಹಾಕಿ ಕಳಿಸ್ಬಿಟ್ಟೆ."

"ಮೇಷ್ಟ್ರ ಹತ್ರ ಅನ್ಬಹುದು ಕಣೋ. ನಮ್ಮ ಉತ್ತರ ಓಡಿಸಿ ತಿದ್ದೋದು ಯಂತ್ರ. ಅದ್ರ ಮುಂದೆ ನಿಂತು ಏನಂತೀಯ?"

"ಲ್ಯಾಬಲ್ಲಿ ಓಡಿದ್ದು ಅಲ್ಲೂ ಓಡುತ್ತೆ ಬಿಡಕ್ಕ."

ಮಧ್ಯಾಹ್ನ ಮನೆಗೆ ಬಂದು ಮೇಷ್ಟ್ರಿಗೆ ಪತ್ರ ಬರೆದಳು. ಬರೆದದ್ದನ್ನು ಅತ್ತೆಗೆ ಓದಿ ಹೇಳಿದಳು. ಅತ್ತೆ ದರ್ಜಿ ಕೆಲಸದವರು. ಹೊಲಿಗೆ ಯಂತ್ರದ ಮೇಲಿನ ಕೈ ತೆಗೆಯದೆ ಕೇಳಿದರು.

"ಏನೇ ಇದು, ಮುಕ್ಕಾಲು ಪಾಲು ಕ್ಷಮೆ ಕೇಳೋದ್ರಲ್ಲೇ ಹೋಯ್ತು! ನನ್ನ ಹತ್ರ ಬರೋರು ತೋಳು ಎಷ್ಟುದ್ದ ಅಂತ ಹೇಳಿದ್ರೆ ಸಾಕು. ನಿಂಗೇನು ಗೊತ್ತಾಗ್ಬೇಕೋ ಅದನ್ನ ಕೇಳು."

ಅವಳು ಅಳಿಸಿ ಮತ್ತೆ ಬರೆದಳು:

'ಸಾರ್, ನಾಲ್ಕನೆಯ ಪ್ರಶ್ನೆಯ "ಸ್ಟ್ಯಾಂಡರ್ಡ್ ಲೈಬ್ರರಿ" ಎಂಬುದನ್ನು ಎರಡು ರೀತಿ ಓದಬಹುದು. ಒಂದು, ಪೈಥಾನ್ ಜೊತೆಗೇ ಬರುವಂಥವು ಮಾತ್ರ. ಎರಡು, ನಮ್ಮ ಲ್ಯಾಬಿನಲ್ಲಿ ಹಾಕಿಟ್ಟಿರುವ ಎಲ್ಲವೂ. ಆಗ ನಮ್‌ಪೈ ಕೂಡ ಸೇರುತ್ತದೆ. ಯಾವುದು ಸರಿ? ಉತ್ತರ ತಿದ್ದುವ ಯಂತ್ರದಲ್ಲಿ ನಮ್‌ಪೈ ಇದೆಯೇ? ದಯವಿಟ್ಟು ಎಲ್ಲರಿಗೂ ತಿಳಿಸಿ. ನಿಮ್ಮ ಉತ್ತರ ಬರುವವರೆಗೆ ನಾನು ಮೊದಲನೆಯ ಅರ್ಥವನ್ನೇ ಹಿಡಿದು ಬರೆಯುತ್ತಿರುತ್ತೇನೆ.'

ಭಾನುವಾರ ಬೆಳಿಗ್ಗೆ ಇಡೀ ತರಗತಿಗೆ ಉತ್ತರ ಬಂತು. 'ಮೊದಲನೆಯ ಅರ್ಥವೇ ಸರಿ, ನಮ್‌ಪೈ ಬಳಸುವಂತಿಲ್ಲ. ತಿದ್ದುವ ಯಂತ್ರದಲ್ಲಿ ಪೈಥಾನ್ ಬಿಟ್ಟರೆ ಬೇರೇನೂ ಇಲ್ಲ. ನಮ್‌ಪೈ ಬಳಸಿದ ಪ್ರೋಗ್ರಾಮ್ ಆ ಸಾಲಿಗೇ ನಿಂತುಹೋಗಿ ನಾಲ್ಕನೆಯ ಪ್ರಶ್ನೆಗೆ ಸೊನ್ನೆ ಬರುತ್ತದೆ. ನಾನು ಸ್ಪಷ್ಟವಾಗಿ ಬರೆಯದಿದ್ದದ್ದು ನನ್ನ ತಪ್ಪು. ಈಗಾಗಲೇ ಕಳಿಸಿದವರು ಮತ್ತೆ ಕಳಿಸಬಹುದು. ಎಲ್ಲರಿಗೂ ಒಂದು ದಿನ ಹೆಚ್ಚು ಕೊಟ್ಟಿದ್ದೇನೆ.'

ಹತ್ತು ನಿಮಿಷಕ್ಕೆ ಶಾರ್ಟ್‌ಕಟ್‌ನ ಫೋನು ಬಂತು.

"ಅಕ್ಕಾ, ನಿನ್ನ ಬಾಯಿಗೆ ಸಕ್ಕರೆ ಹಾಕ! ಸೊನ್ನೆ ಸುತ್ತಿಸ್ಕೊಳ್ತಿದ್ದೆ."

"ಸಕ್ಕರೆ ಆಮೇಲೆ ಹಾಕುವಂತೆ. ಈಗ ಕೂತು ಬರಿ."

ಅವಳದೂ ಸಲೀಸಾಗಿ ಮುಗಿಯಲಿಲ್ಲ. ಒಂದು ಸಮೀಕರಣದ ಮೊದಲ ಸಂಖ್ಯೆ ಸೊನ್ನೆಯಾದಾಗಲೆಲ್ಲ ಪ್ರೋಗ್ರಾಮ್ ಭಾಗಿಸಲಾಗದೆ ಮುಗ್ಗರಿಸುತ್ತಿತ್ತು. ಸೋಮವಾರವಿಡೀ ತಲೆ ಕೆರೆದುಕೊಂಡಳು. ಮಂಗಳವಾರ, ಸೊನ್ನೆ ಬಂದ ಸಮೀಕರಣವನ್ನು ಕೆಳಗಿನ ಸಮೀಕರಣದೊಂದಿಗೆ ಅದಲು ಬದಲು ಮಾಡಬೇಕೆಂದು ಹೊಳೆಯಿತು. ಹೆಚ್ಚಿಗೆ ಸಿಕ್ಕ ಆ ಒಂದು ದಿನ ಇಲ್ಲದಿದ್ದರೆ ಅದು ಹೊಳೆಯುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತಿತ್ತು.

ಮೂವತ್ತಕ್ಕೆ ಇಪ್ಪತ್ತಾರು ಬಂತು. ಸೀಟು ಉಳಿಯಿತು. ಫಲಿತಾಂಶದ ದಿನ ಮೇಷ್ಟ್ರ ಕೋಣೆಯ ಬಾಗಿಲಲ್ಲಿ ನಿಂತಳು.

"ಸಾರ್, ಭಾನುವಾರ ರಜೆ ಅನ್ನದೆ ಉತ್ತರ ಕೊಟ್ರಿ. ಒಂದು ದಿನಾನೂ ಕೊಟ್ರಿ. ನಿಮ್ಮ ಉಪಕಾರ ಮರೆಯಲ್ಲ."

ಮೇಷ್ಟ್ರು ಕನ್ನಡಕ ತೆಗೆದರು. "ಒಳಗೆ ಬಂದು ಕೂತ್ಕೊಳ್ಳಿ ತಾಯಿ. ಥ್ಯಾಂಕ್ಸ್ ನಾನು ಹೇಳ್ಬೇಕಾದ್ದು. ನೀವು ಪತ್ರ ಬರೀದೇ ಇದ್ದಿದ್ರೆ ಅರ್ಧ ಕ್ಲಾಸಿಗೆ ಸೊನ್ನೆ ಕೊಟ್ಟು, 'ಈ ವರ್ಷದೋರು ಓದೋದೇ ಇಲ್ಲ' ಅಂತ ಬೈಕೊಂಡು ಕೂತಿರ್ತಿದ್ದೆ."