ಕವಾಯತಿನ ಮೂರು ವಾರ

ಎಂಟನೇ ತರಗತಿಯ ಮೂರು ಆಟದ ಅವಧಿಗಳ ಮೇಲೆ ಗಣಿತದ ಮೇಷ್ಟರು ಕಣ್ಣು ಹಾಕಿ ವರ್ಷವಾಗಿತ್ತು. ಅವರ ಕಾಟ ತಡೆಯಲಾರದೆ ಹೆಡ್‌ಮಾಸ್ತರು ಪೀಟಿ ಟೀಚರನ್ನು ಕರೆಸಿ ಒಂದು ಷರತ್ತು ಹಾಕಿದರು. ಹತ್ತು ವಾರ ಮಕ್ಕಳನ್ನು ತಯಾರು ಮಾಡಿ, ಆರುನೂರು ಮೀಟರ್ ಓಟದ ಸರಾಸರಿ ಸಮಯ ಹದಿನೈದು ಸೆಕೆಂಡಾದರೂ ಇಳಿದರೆ ಅವಧಿಗಳು ಉಳಿಯುತ್ತವೆ, ಇಲ್ಲದಿದ್ದರೆ ಹೋಗುತ್ತವೆ ಎಂದರು. ಟೀಚರು ಒಪ್ಪಿಕೊಂಡು ಬಂದರು.

ಮೊದಲ ದಿನ ಓಡಿಸಿ ನೋಡಿದಾಗ ತರಗತಿಯ ಸರಾಸರಿ ಮೂರು ನಿಮಿಷ ಐವತ್ತು ಸೆಕೆಂಡು. ಎಲ್ಲರೂ ಆಮೆ ಎಂದು ಕರೆಯುತ್ತಿದ್ದ ಹುಡುಗಿ ನಾಲ್ಕೂವರೆ ನಿಮಿಷ ತೆಗೆದುಕೊಂಡು, ಬಂದವಳೇ ಗೋಡೆ ಹಿಡಿದು ಕೂತುಬಿಟ್ಟಳು.

ಟೀಚರು ಮನೆಯಲ್ಲಿ ಒಂದು ಹಾಳೆಯ ಮೇಲೆ ನಾಲ್ಕು ಗೆರೆ ಎಳೆದರು. ಎಷ್ಟು ದಿನ, ಎಷ್ಟು ಜೋರು, ಎಷ್ಟು ಹೊತ್ತು, ಯಾವ ಬಗೆ. ತರಬೇತಿ ಕಾಲೇಜಿನಲ್ಲಿ ಇದನ್ನೇ ಫಿಟ್ ಸೂತ್ರ ಎಂದು ಬಾಯಿಪಾಠ ಮಾಡಿಸಿದ್ದರು. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಓಡುತ್ತಾ ಪಕ್ಕದವಳ ಜೊತೆ ಎರಡು ಮಾತಾಡಲು ಬರಬೇಕು, ಆದರೆ ಹಾಡು ಹೇಳಲು ಬರಬಾರದು, ಜೋರು ಅಷ್ಟೇ. ಮೊದಲ ವಾರ ಹತ್ತು ನಿಮಿಷ, ಸ್ವಲ್ಪ ಓಟ ಸ್ವಲ್ಪ ನಡಿಗೆ. ಆಮೇಲೆ ವಾರಕ್ಕೊಂದು ನಿಮಿಷ ಏರಿಸುವುದು, ನಡಿಗೆ ಕಡಿಮೆ ಮಾಡುವುದು. ಮೈ ಒಗ್ಗಿದ್ದಕ್ಕಿಂತ ತುಸು ಹೆಚ್ಚು ಹೊರೆ ಬಿದ್ದರೆ ಮಾತ್ರ ಅದು ಬಲಿಯುತ್ತದೆ, ಒಮ್ಮೆಲೇ ಹೇರಿದರೆ ಮುರಿಯುತ್ತದೆ. ಬಗೆ ಮಾತ್ರ ಓಟವೇ, ಪರೀಕ್ಷೆ ಓಟದ್ದಲ್ಲವೇ.

ಆರನೇ ವಾರದ ಕೊನೆಗೆ ಸರಾಸರಿ ಮೂರು ನಿಮಿಷ ಇಪ್ಪತ್ತೆಂಟಕ್ಕೆ ಇಳಿದಿತ್ತು. ಆಮೆ ಮೂರು ನಿಮಿಷ ಐವತ್ತೈದರಲ್ಲಿ ಬಂದು, ಕೂರಲಿಲ್ಲ. “ಮೇಡಂ, ಇನ್ನೊಂದು ಸುತ್ತು ಹಾಕ್ಲಾ?” ಎಂದಳು. ಬೇಡ ಎನ್ನಲು ಟೀಚರಿಗೆ ಕಷ್ಟವಾಯಿತು. ಬೆವರು ನಾರುವ ಮಕ್ಕಳಿಂದಾಗಿ ಕಿಟಕಿ ತೆರೆದ ಮೇಲಷ್ಟೇ ಲೆಕ್ಕ ಶುರುವಾಗುತ್ತದೆ ಎಂದು ಗಣಿತದ ಮೇಷ್ಟರು ಸ್ಟಾಫ್ ರೂಮಿನಲ್ಲಿ ಕುಟುಕಿದರು.

ಏಳನೇ ವಾರ ಹೆಡ್‌ಮಾಸ್ತರು ಮತ್ತೆ ಕರೆಸಿದರು. ದೊಡ್ಡ ಅಧಿಕಾರಿಯೊಬ್ಬರು ಬರುವವರಿದ್ದರು. ಎಂಟನೇ ತರಗತಿ ಮೂರು ವಾರ ಕವಾಯತು ಕಲಿತು ಅವರೆದುರು ಹೆಜ್ಜೆ ಹಾಕಬೇಕಿತ್ತು. ಓಟ ನಿಂತರೆ ಗಳಿಸಿದ್ದೆಲ್ಲ ಕರಗಿಹೋಗುತ್ತದೆ ಎಂದು ಟೀಚರು ತಿಳಿಸಿ ಹೇಳಿದರು.

“ಕವಾಯತೂ ಕಾಲಿನ ಕೆಲಸಾನೇ ಅಲ್ವೇನಮ್ಮ,” ಎಂದರು ಹೆಡ್‌ಮಾಸ್ತರು. “ಓಡಿದ್ರೇನು, ನಡೆದ್ರೇನು.”

“ಉಸಿರು ಏರಲ್ಲ ಸರ್. ಅದರಲ್ಲಿ ಅರ್ಧ ಹೊತ್ತು ನಿಂತೇ ಇರ್ತಾರೆ.”

ಮಾತು ಅಲ್ಲಿಗೇ ಮುಗಿಯಿತು. ತಪ್ಪಾದದ್ದು ಆಮೇಲೆ. ಕವಾಯತು ಎಂದು ಬರೆದರೆ ಮೇಲಿನವರು ಪ್ರಶ್ನೆ ಕೇಳುತ್ತಾರೆ, ಅವಧಿ ರಿಜಿಸ್ಟರಿನಲ್ಲಿ ಫಿಟ್‌ನೆಸ್ ಕಾರ್ಯಕ್ರಮ ಎಂದೇ ಬರೆದುಬಿಡಿ ಎಂದರು ಹೆಡ್‌ಮಾಸ್ತರು. ಇಪ್ಪತ್ತೆರಡು ವರ್ಷದಿಂದ ಹೇಳಿದಂತೆ ಬರೆದೇ ಅಭ್ಯಾಸವಾಗಿದ್ದ ಕೈ ಟೀಚರದು. ಒಂಬತ್ತು ಅವಧಿಗೂ ಹಾಗೇ ಬರೆದು ಒಂಬತ್ತು ಸಹಿ ಹಾಕಿತು.

ಕವಾಯತು ಚೆನ್ನಾಗಿಯೇ ಆಯಿತು. ಅಧಿಕಾರಿ ಚಪ್ಪಾಳೆ ತಟ್ಟಿದರು.

ಹತ್ತನೇ ವಾರ ಬಂತು. ಇನ್ನೆರಡು ವಾರ ಕೊಡಿ ಎಂದು ಟೀಚರು ಕೇಳಿಕೊಂಡರು. ನಾಲ್ಕನೇ ವಾರದ ಮಟ್ಟಕ್ಕೆ ಇಳಿದು ಮತ್ತೆ ಏರಬೇಕು, ಬಿಟ್ಟ ಜಾಗದಿಂದಲೇ ಓಡಿಸಿದರೆ ಕಾಲು ಹಿಡಿದುಕೊಳ್ಳುತ್ತದೆ ಎಂದರು. ಹತ್ತು ಎಂದರೆ ಹತ್ತೇ ಎಂದು ಉತ್ತರ ಬಂತು. ಹೆಡ್‌ಮಾಸ್ತರು ಗಡಿಯಾರ ಹಿಡಿದು ತಾವೇ ನಿಂತರು. ಸರಾಸರಿ ಮೂರು ನಿಮಿಷ ನಲವತ್ತೇಳು. ಆಮೆ ಮೊದಲ ಸುತ್ತು ಹಳೆಯ ಹುರುಪಿನಲ್ಲೇ ಓಡಿ, ಎರಡನೆಯದರಲ್ಲಿ ಪಕ್ಕೆ ಹಿಡಿದುಕೊಂಡು ನಡೆದಳು.

ಟೀಚರು ಆರನೇ ವಾರದ ಅಂಕಿಗಳನ್ನು ಬರೆದಿದ್ದ ತಮ್ಮ ನೋಟ್‌ಬುಕ್ ತೆಗೆದರು. ಹೆಡ್‌ಮಾಸ್ತರು ಅದನ್ನು ನೋಡಲಿಲ್ಲ, ರಿಜಿಸ್ಟರ್ ಬಿಡಿಸಿದರು.

“ಒಂಬತ್ತು ವಾರ ಕಾರ್ಯಕ್ರಮ ನಡೆದಿದೆ ಅಂತ ನೀವೇ ಸಹಿ ಹಾಕಿದೀರಲ್ಲಮ್ಮ. ಇಷ್ಟು ನಡೆಸಿ ಮೂರು ಸೆಕೆಂಡು.”

ಬರೆಯಿಸಿದವರು ನೀವೇ ಎಂದು ಟೀಚರು ಹೇಳಬಹುದಿತ್ತು. ಆದರೆ ಪಕ್ಕದಲ್ಲಿ ಗಣಿತದ ಮೇಷ್ಟರು ನಿಂತಿದ್ದರು. ಸುಳ್ಳು ಬರೆದೆ ಎಂದು ಅವರೆದುರು ಒಪ್ಪಿಕೊಂಡರೆ ಹೋಗುವುದು ಬರೀ ಅವಧಿಗಳಲ್ಲ. ಟೀಚರು ನೋಟ್‌ಬುಕ್ ಮುಚ್ಚಿದರು.

ಎರಡು ಅವಧಿ ಗಣಿತಕ್ಕೆ ಹೋದವು. ಉಳಿದ ಒಂದನ್ನು, ಅಧಿಕಾರಿ ಮೆಚ್ಚಿದ್ದಾರೆಂದು, ಕವಾಯತಿಗೆ ಇಟ್ಟರು.

ಮುಂದಿನ ಸೋಮವಾರ ಮಕ್ಕಳು ಸಾಲಾಗಿ ನಿಂತಲ್ಲೇ ಹೆಜ್ಜೆ ಹಾಕುತ್ತಿದ್ದರು. ಆಮೆಯ ಹತ್ತಿರ ಟೀಚರು ಬಂದಾಗ ಅವಳು ಹೆಜ್ಜೆ ತಪ್ಪಿಸದೆಯೇ ಕೇಳಿದಳು. “ಮೇಡಂ, ನಾನು ಕೆಟ್ಟದಾಗಿ ಓಡಿದ್ದಕ್ಕೇ ಓಟ ನಿಲ್ಸಿದ್ದಾ?”

ಅಲ್ಲ ಎನ್ನಬೇಕಾದರೆ ಎಲ್ಲವನ್ನೂ ಹೇಳಬೇಕಿತ್ತು. ಕಾರಿಡಾರಿನಲ್ಲಿ ಹೆಡ್‌ಮಾಸ್ತರು ನಿಂತು ನೋಡುತ್ತಿದ್ದರು.

“ಮುಂದೆ ನೋಡು,” ಎಂದರು ಟೀಚರು.

ಹುಡುಗಿ ಮುಂದೆ ನೋಡಿದಳು.