ಹದಿನೇಳು ಗಂಟೆಯ ಆಟ

ಶುಕ್ರವಾರ ಸಂಜೆ ಆರಕ್ಕೆ ಗೇಮ್ ಜ್ಯಾಮ್ ಎಂಬ ಆನ್‌ಲೈನ್ ಸ್ಪರ್ಧೆಯ ವಿಷಯ ಪ್ರಕಟವಾಯಿತು: ಹೊರೆ. ಭಾನುವಾರ ಸಂಜೆ ಆರರೊಳಗೆ ಒಬ್ಬರೇ ಕೂತು ಒಂದು ಕಂಪ್ಯೂಟರ್ ಆಟ ಮಾಡಿ ಕಳಿಸಬೇಕು. ಸೌಂದರ್ಯ ಕಂಪ್ಯೂಟರ್ ತೆರೆಯಲಿಲ್ಲ. ನೋಟ್‌ಬುಕ್ಕಿನಲ್ಲಿ ನಲವತ್ತೆಂಟು ಗಂಟೆ ಎಂದು ಬರೆದು ಕಳೆಯುತ್ತಾ ಹೋದಳು. ನಿದ್ದೆಗೆ ಹದಿನಾಲ್ಕು. ಅಡುಗೆ, ನೀರು, ಅಜ್ಜಿ ದ್ಯಾವಮ್ಮನ ಸ್ನಾನಕ್ಕೆ ಐದು. ಕರೆಂಟ್ ಹೋಗುವುದಕ್ಕೆ ಐದು. ಊಟ, ಸುಸ್ತಿಗೆ ನಾಲ್ಕು. ಉಳಿದದ್ದು ಇಪ್ಪತ್ತು. ಅದರಲ್ಲಿ ಕೊನೆಯ ಮೂರು ಗಂಟೆ ಪರೀಕ್ಷೆಗೆ ಮತ್ತು ಅಪ್‌ಲೋಡಿಗೆ. ಕೆಲಸಕ್ಕೆ ಹದಿನೇಳು.

ಹಿಂದಿನ ವರ್ಷ ಅವಳು ಈ ಲೆಕ್ಕ ಹಾಕಿರಲಿಲ್ಲ. ಐದು ಹಂತಗಳ ಆಟ ಶುರುಮಾಡಿ, ಎರಡನೆಯದರಲ್ಲೇ ಸಮಯ ಮುಗಿದು, ಏನನ್ನೂ ಕಳಿಸದೆ ಕೂತಿದ್ದಳು.

ಈ ಸಲ ಒಂದೇ ಪರದೆ. ಹೆಂಗಸೊಬ್ಬಳು ಕಾಫಿ ಹಣ್ಣಿನ ಮೂಟೆ ಹೊತ್ತು ಇಳಿಜಾರಿನಲ್ಲಿ ಇಳಿಯುತ್ತಾಳೆ. ಮೂಟೆ ಎಡಕ್ಕೋ ಬಲಕ್ಕೋ ವಾಲುತ್ತದೆ. ಆಡುವವರು ಎರಡು ಕೀಲಿ ಒತ್ತಿ ಸರಿದೂಗಿಸಬೇಕು. ವಾಲಿದಷ್ಟೂ ಹಣ್ಣು ಚೆಲ್ಲುತ್ತದೆ. ಹೆಚ್ಚು ವಾಲಿದರೆ ಬೀಳುತ್ತಾಳೆ. ಕೆಳಗೆ ತಲುಪಿದಾಗ ಉಳಿದದ್ದೇ ಅಂಕ. ಇರಲೇಬೇಕಾದದ್ದು ನಾಲ್ಕು ಎಂದು ಬರೆದಳು: ವಾಲುವುದು, ಬೀಳುವುದು, ತಲುಪುವುದು, ಮತ್ತೆ ಶುರು. ಸಮಯ ಉಳಿದರೆ ಸದ್ದು. ಹಣ್ಣು ಕೊಯ್ಯುವುದು, ಮೇಸ್ತ್ರಿಯ ಮಾತು, ಎರಡನೇ ದಾರಿ, ಇವೆಲ್ಲ ಕೈಬಿಟ್ಟದ್ದು. ಮೇಸ್ತ್ರಿಯ ಮಾತುಗಳನ್ನು ಅವಳು ತಿಂಗಳಿಂದ ಬರೆದಿಟ್ಟಿದ್ದಳು. ಒಮ್ಮೆ ಓದಿಕೊಂಡು ಅವುಗಳ ಮೇಲೂ ಗೆರೆ ಎಳೆದಳು.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಚಿತ್ರಗಳ ಜಾಗದಲ್ಲಿ ಬಣ್ಣದ ಚೌಕಗಳನ್ನಿಟ್ಟೇ ಆಟ ಆಡುವಂತಾಗಿತ್ತು. ಕೊಯ್ಲಿನಿಂದ ಊಟಕ್ಕೆ ಬಂದ ತಾಯಿ ತಂಗಮ್ಮ ನಿಂತೇ ಎರಡು ಸಲ ಆಡಿದಳು.

"ಇಷ್ಟು ಬೇಗ ಬಗ್ಗಲ್ಲ ಕಣೆ. ಮೊದ್ಲು ಸೊಂಟ ಹೋಗತ್ತೆ, ಆಮೇಲೆ ತಲೆ."

ಸೌಂದರ್ಯ ಅದನ್ನು ತಿದ್ದಿದಳು. ಸಂಜೆ ಆಟವನ್ನು ಬ್ರೌಸರಿಗೆ ಏರಿಸಿ ನೋಡಿದಳು, ಸರಿಯಾಗಿ ಓಡಿತು. ಭಾನುವಾರ ಬೆಳಿಗ್ಗೆ ಹತ್ತಕ್ಕೆ 'ಮತ್ತೆ ಶುರು' ಗುಂಡಿಯನ್ನೂ ಜೋಡಿಸಿದಳು. ಇನ್ನು ಸದ್ದು, ಆಮೇಲೆ ಪೂರ್ತಿ ಪರೀಕ್ಷೆ.

ಹತ್ತೂವರೆಗೆ ತೋಟದ ಕೂಲಿಗಳ ಲೈನ್‌ಮನೆಗಳ ಮುಂದೆ ಜೀಪು ನಿಂತಿತು. ಹರ್ಷವರ್ಧನ. ತಂಗಮ್ಮ ಕೆಲಸ ಮಾಡುವ ಎಸ್ಟೇಟಿನ ಸಾಹುಕಾರರ ಮಗ. ಮೂಡಿಗೆರೆಯಲ್ಲಿ ಹೋಂಸ್ಟೇಗಳಿಗೆ ವೆಬ್‌ಸೈಟ್ ಮಾಡಿಕೊಡುವ ಆಫೀಸಿಟ್ಟಿದ್ದ. ಸೌಂದರ್ಯ ಮೂರು ವರ್ಷದಿಂದ ಅಲ್ಲೇ ಕೆಲಸಕ್ಕಿದ್ದಳು. ಜ್ಯಾಮಿನ ಸುದ್ದಿ ಅವನಿಗೆ ಹೇಳಿದ್ದೂ ಅವಳೇ, ಅವನೂ ಹೆಸರು ಕೊಟ್ಟಿದ್ದ.

"ನಿಂದು ಎಲ್ಲಿಗೆ ಬಂತು?" ಎಂದ.

"ಮುಗಿತಾ ಬಂತು ಸರ್. ಟೆಸ್ಟ್ ಮಾಡೋದಿದೆ."

"ಹಾಗಾದ್ರೆ ಟೈಮ್ ಇದೆ ನಿನ್ಹತ್ರ. ಸ್ವಲ್ಪ ಬಂಗ್ಲೆಗೆ ಬಾ. ನಂದು ಯಾಕೋ ಒಂದೂ ಸೇರ್ತಾ ಇಲ್ಲ. ಅರ್ಧ ಗಂಟೆ ಸಾಕು."

ಅದು ಉಳಿದ ಸಮಯವಲ್ಲ, ಕೆಲಸದ್ದೇ ಸಮಯ ಎಂದು ಹೇಳಬೇಕೆನಿಸಿತು. ಅಷ್ಟರಲ್ಲಿ ತಂಗಮ್ಮ ಹಿಂದಿನಿಂದ ಮೆಲ್ಲಗೆ, "ಹೋಗಿ ಬಾ. ಬಾಗ್ಲಿಗೆ ಬಂದು ಕರೀತಿದಾರೆ," ಎಂದಳು.

ಬಂಗಲೆಯ ಕೋಣೆಯಲ್ಲಿ ಎರಡು ದೊಡ್ಡ ಪರದೆಗಳಿದ್ದವು, ಕರೆಂಟ್ ಹೋದರೆ ಜನರೇಟರ್ ಇತ್ತು. ಹರ್ಷವರ್ಧನ ಇಡೀ ಎಸ್ಟೇಟನ್ನೇ ಆಟ ಮಾಡಲು ಹೊರಟಿದ್ದ: ಗಿಡ ನೆಡುವುದು, ಆಳುಗಳು, ಮಳೆ, ಮಾರುಕಟ್ಟೆಯ ದರ, ಮೂರು ವರ್ಷದ ಕಥೆ. ಐದು ಭಾಗಗಳೂ ಅರ್ಧರ್ಧ ಆಗಿದ್ದವು. ಆಡಲು ಏನೂ ಇರಲಿಲ್ಲ.

"ಸರ್, ಆಟ ಶುರುವಾಗಿ ಮೊದಲನೇ ನಿಮಿಷದಲ್ಲಿ ಆಡೋರು ಏನು ಮಾಡ್ತಾರೆ?"

"ಮೊದ್ಲು ಮೆನು ಬರತ್ತೆ…"

"ಮೆನು ಬೇಡ. ಕೈಯಲ್ಲಿ ಏನು ಮಾಡ್ತಾರೆ?"

ಎಲ್ಲವನ್ನೂ ಒಂದೊಂದಾಗಿ ತೆರೆದು ನೋಡಿದಳು. ಸ್ವಲ್ಪವಾದರೂ ಅಲುಗಾಡುತ್ತಿದ್ದದ್ದು ಕಣದಲ್ಲಿ ಒಣಗಲು ಹರಡಿದ ಕಾಫಿ ಮತ್ತು ಅದರ ಮೇಲೆ ಸರಿದು ಬರುವ ಮೋಡ.

"ಇದೊಂದೇ ಇಟ್ಕೊಳ್ಳಿ. ಮೋಡ ಬಂದ್ರೆ ಟಾರ್ಪಾಲು ಹೊದಿಸ್ಬೇಕು, ಬಿಸಿಲು ಬಂದ್ರೆ ತೆಗೀಬೇಕು. ಲೇಟಾದ್ರೆ ನೆನೆಯತ್ತೆ. ಬಾಕಿ ಎಲ್ಲ ಬಿಡಿ."

"ಎಲ್ಲಾನೂ? ಎರಡು ದಿನ ಕಷ್ಟಪಟ್ಟಿದೀನಲ್ಲ ಮಾರಾಯ್ತಿ."

"ಕಷ್ಟಪಟ್ಟಿದ್ದು ಆಡೋರಿಗೆ ಕಾಣಲ್ಲ ಸರ್. ಮುಗಿದಿದ್ದು ಮಾತ್ರ ಕಾಣತ್ತೆ."

ಅವನು ಒಪ್ಪಲು ಒಂದು ಗಂಟೆ ಹಿಡಿಯಿತು. ಟಾರ್ಪಾಲು ಎಳೆಯುವ ಭಾಗ ಅವನ ಕೈಯಲ್ಲಿ ಆಗಲಿಲ್ಲ. "ನೀನೇ ಒಂಚೂರು ಬರೆದ್ಬಿಡು," ಎಂದ. ಅವಳು ಗೋಡೆಯ ಗಡಿಯಾರ ನೋಡಿದಳು, ಬರೆದಳು. ಅವನು ಆರಾಮಾಗಿ ಚಿತ್ರಗಳನ್ನು ಹೊಂದಿಸುತ್ತಾ ಕೂತ. ಅವಳು ಎದ್ದಾಗ ಮೂರು ಗಂಟೆ. ಜೀಪನ್ನು ಅವನ ತಂದೆ ತೆಗೆದುಕೊಂಡು ಹೋಗಿದ್ದರು. ತೋಟದ ದಾರಿಯಲ್ಲಿ ನಡೆದೇ ಇಳಿದಳು.

ಮನೆಯಲ್ಲಿ ಕರೆಂಟ್ ಇರಲಿಲ್ಲ. ಅಜ್ಜಿಗೆ ಊಟವಾಗಿರಲಿಲ್ಲ, ತಂಗಮ್ಮ ಸೌದೆಗೆ ಹೋಗಿದ್ದಳು. ಅಜ್ಜಿಗೆ ಊಟ ಮಾಡಿಸಿ, ಹಾಸಿಗೆ ಸರಿಮಾಡಿ ಲ್ಯಾಪ್‌ಟಾಪ್ ತೆರೆದಾಗ ನಾಲ್ಕೂವರೆ. ಬ್ಯಾಟರಿ ಅರ್ಧಕ್ಕಿಂತ ಕಡಿಮೆ ಇತ್ತು. ಸದ್ದಿನ ಮೇಲೆ ಗೆರೆ ಎಳೆದಳು. ನೆಟ್‌ವರ್ಕ್ ಸಿಗುವುದು ನರ್ಸರಿಯ ತಿರುವಿನಲ್ಲಿ ಮಾತ್ರ. ಅಲ್ಲಿ ಕಲ್ಲಿನ ಮೇಲೆ ಕೂತು ಫೋನಿನ ಮೂಲಕ ಆಟವನ್ನು ಏರಿಸಿದಳು. ಎರಡು ಸಲ ಕಡಿಯಿತು. ಮೂರನೇ ಸಲ ಹೋದಾಗ ಐದು ಐವತ್ತು. ಪುಟ ತೆರೆದು ಒಮ್ಮೆ ಆಡಿದಳು. ನೂರು ಸಲ ಆಡಿದ ಕೈ. ಬೀಳಲಿಲ್ಲ, ಕೆಳಗೆ ತಲುಪಿದಳು. ಅಂಕ ಬಂತು. ಕಳಿಸುವ ಗುಂಡಿ ಒತ್ತಿದಳು. ಲ್ಯಾಪ್‌ಟಾಪ್ ಆರಿಹೋಯಿತು.

ಮಾರನೇ ದಿನ ಮೊದಲ ಅಭಿಪ್ರಾಯ ಬಂದಿತ್ತು: ಒಮ್ಮೆ ಬಿದ್ದ ಮೇಲೆ ಪರದೆ ಕಪ್ಪಾಗುತ್ತದೆ, ಏನೂ ಆಗುವುದಿಲ್ಲ. ಎರಡನೆಯದೂ ಅದೇ, ಆರನೆಯದೂ ಅದೇ. ಸೌಂದರ್ಯ ಹುಡುಕಿದಳು. 'ಮತ್ತೆ ಶುರು' ಗುಂಡಿ ತೆರೆಯಬೇಕಾದ ಕಡತದ ಹೆಸರಿನಲ್ಲಿ ಮೊದಲ ಇಂಗ್ಲಿಷ್ ಅಕ್ಷರ ದೊಡ್ಡದಾಗಬೇಕಿತ್ತು, ಅವಳು ಚಿಕ್ಕದು ಬರೆದಿದ್ದಳು. ಅವಳ ಲ್ಯಾಪ್‌ಟಾಪ್ ಆ ವ್ಯತ್ಯಾಸ ಲೆಕ್ಕಿಸುತ್ತಿರಲಿಲ್ಲ, ಬ್ರೌಸರಿನ ಆಟ ಲೆಕ್ಕಿಸುತ್ತಿತ್ತು. ಪರೀಕ್ಷೆಯ ಮೂರು ಗಂಟೆಯಲ್ಲಿ ಒಂದೇ ಒಂದು ಸಲ ಬಿದ್ದಿದ್ದರೂ ಗೊತ್ತಾಗುತ್ತಿತ್ತು. ಆಟಗಳನ್ನು ಆಡಿದವರ ಮತದಾನ ಮುಗಿಯುವವರೆಗೆ ಆಟವನ್ನು ಮುಟ್ಟುವಂತಿರಲಿಲ್ಲ.

ಎರಡು ವಾರದ ನಂತರ ಫಲಿತಾಂಶ ಬಂತು. ಮುನ್ನೂರ ಹನ್ನೆರಡು ಆಟಗಳಲ್ಲಿ ಹರ್ಷವರ್ಧನನದು ಒಂಬತ್ತನೆಯದು. ಸೌಂದರ್ಯಳದು ಇನ್ನೂರ ನಲವತ್ತನೆಯದು. ಅವನು ಒಂದು ಲೇಖನವನ್ನೂ ಹಾಕಿದ್ದ: ಒಬ್ಬಂಟಿಯಾಗಿ ನಲವತ್ತೆಂಟು ಗಂಟೆ, ಬಿಡುವುದನ್ನು ಕಲಿತದ್ದು ಹೇಗೆ. ಮೊದಲ ನಿಮಿಷದ ಪ್ರಶ್ನೆ ಅದರಲ್ಲಿತ್ತು, ಅವನು ತನಗೆ ತಾನೇ ಕೇಳಿಕೊಂಡದ್ದಾಗಿ. ಮುಗಿದಿದ್ದು ಮಾತ್ರ ಕಾಣತ್ತೆ ಎಂಬ ಮಾತನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದ. ಅವಳು ಎರಡು ಸಲ ಓದಿದಳು. ಅವಳ ಹೆಸರು ಎಲ್ಲೂ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ, ಅದು ಒಬ್ಬರೇ ಮಾಡುವ ಸ್ಪರ್ಧೆ.

ಆಫೀಸಿನಲ್ಲಿ ಅವನು ಅವಳ ಮೇಜಿನ ಹತ್ತಿರ ಬಂದ. ಅವನ ಮುಖದಲ್ಲಿ ಕಪಟವಿರಲಿಲ್ಲ, ನಿಜವಾಗಿಯೂ ಖುಷಿಯಾಗಿದ್ದ.

"ನಿಂದೂ ಐಡಿಯಾ ಚೆನ್ನಾಗಿತ್ತು. ಸ್ವಲ್ಪ ಟೆಸ್ಟ್ ಮಾಡ್ಬೇಕಿತ್ತು ನೋಡು."

"ಹೌದು ಸರ್."

"ಏಪ್ರಿಲ್‌ನಲ್ಲಿ ಇನ್ನೊಂದಿದೆ. ಈ ಸಲ ಶುಕ್ರವಾರಾನೇ ಕೂತು ಪ್ಲಾನ್ ಮಾಡೋಣ. ನಿಂಗೆ ಅದು ಚೆನ್ನಾಗಿ ಬರತ್ತೆ."

"ಆ ಎರಡು ದಿನ ನಂಗೆ ಆಗಲ್ಲ ಸರ್."

"ಏನು, ಮನೇಲಿ ಏನಾದ್ರೂ ಇದ್ಯಾ?"

"ಇಲ್ಲ. ಆಗಲ್ಲ, ಅಷ್ಟೇ."

ಅವನು ಒಂದು ಹೋಂಸ್ಟೇಯ ಚಿತ್ರಗಳು ಇವತ್ತೇ ಬೇಕು ಎಂದು ಹೇಳಿ ಹೋದ. ದನಿ ಮೊದಲಿನ ಹಾಗಿರಲಿಲ್ಲ. ಮನೆಯಲ್ಲಿ ತಂಗಮ್ಮನಿಗೆ ಇದನ್ನು ಹೇಗೆ ಹೇಳುವುದೆಂದು ಸೌಂದರ್ಯ ಯೋಚಿಸಿದಳು. ಹೇಳದಿರುವುದೇ ವಾಸಿ ಎನಿಸಿತು.

ಊಟದ ಹೊತ್ತಿನಲ್ಲಿ ಆ ಒಂದು ಅಕ್ಷರ ತಿದ್ದಿ ಆಟವನ್ನು ಮತ್ತೆ ಏರಿಸಿದಳು. ನಾಲ್ಕು ನಿಮಿಷ ಹಿಡಿಯಿತು. ಬೇಕೆಂದೇ ಬಿದ್ದು ನೋಡಿದಳು, ಹೆಂಗಸು ಎದ್ದು ಮತ್ತೆ ಮೇಲೆ ನಿಂತಳು. ಆ ವಾರವೆಲ್ಲ ಪುಟವನ್ನು ದಿನಕ್ಕೊಮ್ಮೆ ತೆರೆದಳು. ಹೊಸದಾಗಿ ಆಡಿದವರು ಯಾರೂ ಇರಲಿಲ್ಲ.